ಆಂಪಿಯರ್ ನಿಯಮ: ತಂತಿಗೆ ವೃತ್ತ, ಸೊಲೆನಾಯ್ಡ್‌ಗೆ ಆಯತ ಯಾಕೆ?

ಪ್ರಶ್ನೆ: ಆಂಪಿಯರ್ ನಿಯಮ ಯಾವ ಲೂಪ್‌ಗಾದರೂ ನಡೆಯುತ್ತೆ ಅಂತಾರೆ. ಹಾಗಿದ್ರೆ ನೇರ ತಂತಿಗೆ ವೃತ್ತ, ಸೊಲೆನಾಯ್ಡ್‌ಗೆ ಆಯತವನ್ನೇ ಯಾಕೆ ತಗೋಬೇಕು?

ಬಾಗಲಕೋಟೆಯಲ್ಲಿ ಪಿಯು ಹುಡುಗರಿಗೆ ಪಾಠ ಹೇಳ್ತೀನಿ, ಇದನ್ನ ಕೇಳದ ಬ್ಯಾಚ್ ಇಲ್ಲ. ನಿಯಮ ಯಾವ ಲೂಪ್‌ಗಾದರೂ ನಿಜಾನೇ. ಆದರೆ ಅದು ಕೊಡುವುದು ಲೂಪ್ ಪೂರ್ತಿ ಸುತ್ತಿ ಕೂಡಿಸಿದ ಮೊತ್ತವನ್ನು ಮಾತ್ರ, ನಿಮಗೆ ಬೇಕಿರುವುದು ಒಂದು ಜಾಗದ B. ಮೊತ್ತದಿಂದ B ಬಿಡಿಸಿಕೊಳ್ಳಬೇಕಾದರೆ ಲೂಪ್‌ನ ಗುಂಟ ಅದು ಒಂದೇ ಸಮ ಇರಬೇಕು, ಇಲ್ಲವೇ ಕೆಲವು ಬದಿಗಳ ಪಾಲು ಸೊನ್ನೆ ಆಗಬೇಕು.

ಉದ್ದ ನೇರ ತಂತಿಯಿಂದ r ದೂರದಲ್ಲಿ ಯಾವ ಕಡೆ ನಿಂತರೂ ತಂತಿ ಒಂದೇ ಥರ ಕಾಣುತ್ತದೆ ಅಲ್ವಾ? ಹಾಗಾಗಿ ವೃತ್ತದ ಮೇಲೆಲ್ಲ B ಒಂದೇ, ದಿಕ್ಕೂ ವೃತ್ತದ ಗುಂಟವೇ.

B × 2πr = μ₀I

ಚೌಕ ಎಳೆದರೂ ಮೊತ್ತ μ₀I ಬರುತ್ತದೆ, ಆದರೆ ಬದಿಯ ನಡುವೆ B ಜಾಸ್ತಿ, ಮೂಲೆಯಲ್ಲಿ ಕಡಿಮೆ, ದಿಕ್ಕೂ ಓರೆ, ಬಿಡಿಸೋಕೆ ಆಗಲ್ಲ. 5 ಆಂಪಿಯರ್ ಕರೆಂಟ್, 2 ಸೆಂ.ಮೀ. ದೂರ ಅಂದರೆ B 50 ಮೈಕ್ರೊಟೆಸ್ಲಾ. ನಮ್ಮ ಕಡೆ ಭೂಮಿಯ ಕ್ಷೇತ್ರವೇ ಸುಮಾರು 40. ತಂತಿಯನ್ನು ಉತ್ತರ-ದಕ್ಷಿಣ ಹಿಡಿದು ಅದರ ಕೆಳಗೆ ದಿಕ್ಸೂಚಿ ಇಟ್ಟರೆ ಮುಳ್ಳು 50 ಡಿಗ್ರಿ ಆಸುಪಾಸು ತಿರುಗುತ್ತದೆ. ಬ್ಯಾಟರಿಯ ಡಿಸಿ ಕರೆಂಟೇ ಬೇಕು, ಎಸಿಗೆ ಮುಳ್ಳು ತಿರುಗಿ ನಿಲ್ಲುವುದಿಲ್ಲ.

ಈಗ ಸೊಲೆನಾಯ್ಡ್. ಆಯತದ ಒಂದು ಉದ್ದ ಬದಿ (L) ಒಳಗೆ, ಇನ್ನೊಂದು ಹೊರಗೆ ಇರಲಿ. ಅಡ್ಡ ಬದಿಗಳಿಗೆ B ಲಂಬ, ಅವುಗಳ ಪಾಲು ಸೊನ್ನೆ. ಉದ್ದನೆಯ ಸೊಲೆನಾಯ್ಡ್‌ನ ಹೊರಗೆ B ಲೆಕ್ಕಕ್ಕಿಲ್ಲ, ಯಾಕಂದ್ರೆ ಒಳಗೆ ಒತ್ತಾಗಿದ್ದ ಗೆರೆಗಳು ಹೊರಗೆ ದೊಡ್ಡ ಜಾಗದಲ್ಲಿ ಚೆದುರಿಹೋಗಿರುತ್ತವೆ. ಉಳಿದದ್ದು ಒಳಗಿನ ಬದಿ ಒಂದೇ. ಮೀಟರಿಗೆ n ಸುತ್ತು ಇದ್ದರೆ ಆಯತದ ಮೂಲಕ ಹೋಗುವ ತಂತಿಗಳು nL.

BL = μ₀nLI, ಅಂದರೆ B = μ₀nI

L ಎರಡೂ ಕಡೆ ಹೊಡೆದುಹೋಯಿತು. ಇಡೀ ಆಯತವನ್ನು ಒಳಗೇ ಎಳೆದು ನೋಡಿ: ಅದರೊಳಗೆ ಕರೆಂಟೇ ಇಲ್ಲ, ಮೊತ್ತ ಸೊನ್ನೆ, ಹಾಗಾಗಿ ಎರಡೂ ಉದ್ದ ಬದಿಗಳಲ್ಲಿ B ಒಂದೇ ಇರಬೇಕು. ಒಳಗೆಲ್ಲ ಕ್ಷೇತ್ರ ಏಕಸಮ ಅನ್ನುವುದು ಇಲ್ಲಿಂದ ಬಂದದ್ದು, ಸುಮ್ನೆ ಬಾಯಿಪಾಠ ಮಾಡಬೇಡಿ.

ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ 1 ಮಿ.ಮೀ. ದಪ್ಪದ ಎನಾಮಲ್ ತಂತಿ ಸಿಗುತ್ತದೆ. ಅದನ್ನು ಸಣ್ಣ ಪಿವಿಸಿ ಪೈಪಿನ ಮೇಲೆ 30 ಸೆಂ.ಮೀ. ಉದ್ದಕ್ಕೆ ಒತ್ತಾಗಿ ಸುತ್ತಿದರೆ 300 ಸುತ್ತು. n ಅಂದರೆ 300 ಅಲ್ಲ, 300 ÷ 0.3 = 1000. ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುವುದು ಇಲ್ಲೇ. 2 ಆಂಪಿಯರ್ ಹರಿಸಿದರೆ ನಡುವೆ ಸುಮಾರು 2.5 ಮಿಲಿಟೆಸ್ಲಾ.

ಬಾಯಿಯ ಹತ್ತಿರ ಈ ಆಯತ ನಡೆಯಲ್ಲ. ಅಲ್ಲಿ ಗೆರೆಗಳು ಹೊರಗೆ ಬಾಗುತ್ತವೆ, ಅಡ್ಡ ಬದಿಯ ಪಾಲು ಸೊನ್ನೆ ಆಗುವುದಿಲ್ಲ. ಬಯೊ-ಸವಾರ್ ನಿಯಮದಿಂದ ಲೆಕ್ಕ ಹಾಕಿದರೆ ಬಾಯಿಯ ನಡುವೆ B ಅರ್ಧಕ್ಕೆ ಇಳಿದು ಸುಮಾರು 1.25 ಮಿಲಿಟೆಸ್ಲಾ ಬರುತ್ತದೆ.