ಮೂರು ಪುಟದ ಬಯೋಡೇಟಾದಿಂದ ಒಂದು ನಿಮಿಷದ ಅತಿಥಿ ಪರಿಚಯ

ಪ್ರಶ್ನೆ: ಮುಂದಿನ ತಿಂಗಳು, ಸೆಪ್ಟೆಂಬರ್‌ನಲ್ಲಿ, ನಮ್ಮ ಕಾಫಿ ಬೆಳೆಗಾರರ ಸಭೆಗೆ ಕಾಂಡಕೊರಕದ ಬಗ್ಗೆ ಮಾತಾಡಲು ಕೀಟತಜ್ಞರೊಬ್ಬರು ಬರುತ್ತಿದ್ದಾರೆ. ಪರಿಚಯ ನಾನು ಮಾಡಬೇಕು, ಒಂದೇ ನಿಮಿಷ ಕೊಟ್ಟಿದ್ದಾರೆ. ಅವರ ಬಯೋಡೇಟಾ ಮೂರು ಪುಟ ಇದೆ. ಹೊಗಳಿ ಅಟ್ಟಕ್ಕೇರಿಸಿದ ಹಾಗೂ ಆಗಬಾರದು, ಸಪ್ಪೆಯೂ ಆಗಬಾರದು. ಏನು ಹೇಳಲಿ, ಏನು ಬಿಡಲಿ?

ಉತ್ತರ:

ಮೂಡಿಗೆರೆ ಕಡೆಯ ಬೆಳೆಗಾರರ ಸಭೆಗಳಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಈ ಕೆಲಸ ನನ್ನ ಪಾಲಿಗೆ ಬರುತ್ತಿದೆ. ಮೈಕಿನ ಮುಂದೆ ನಿಂತು, ಹಿಂದಿನ ಸಾಲಿನವರಿಗೂ ತಿಳಿಯುವಂತೆ ಬಿಡಿಸಿ ಹೇಳಿದರೆ ಒಂದು ನಿಮಿಷದಲ್ಲಿ ನನ್ನ ಬಾಯಿಂದ ಬರುವುದು 80ರಿಂದ 90 ಪದಗಳು ಮಾತ್ರ. ಕನ್ನಡದಲ್ಲಿ ‘ತೊಡಗಿಸಿಕೊಂಡಿರುವುದರಿಂದ’ ಎಂಬುದೂ ಒಂದೇ ಪದವಾದ್ದರಿಂದ ಪದಗಳ ಲೆಕ್ಕವನ್ನು ಪೂರ್ತಿ ನಂಬಬೇಡಿ. ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ, ಗಡಿಯಾರ ನೋಡಿಕೊಳ್ಳಿ. ಮನೆಯಲ್ಲಿ 50 ಸೆಕೆಂಡಿಗೆ ಮುಗಿದರೆ ಸಭೆಯಲ್ಲಿ ಅದು ಒಂದು ನಿಮಿಷವಾಗುತ್ತದೆ, ಏಕೆಂದರೆ ನಡುವೆ ಯಾರೋ ಬಂದು ಕೂರುತ್ತಾರೆ, ಮೈಕು ಒಮ್ಮೆ ಕಿರುಚುತ್ತದೆ, ಅತಿಥಿಯ ಹೆಸರು ಹೇಳಿದಾಗ ಚಪ್ಪಾಳೆ ಬೀಳುತ್ತದೆ.

ಇಷ್ಟು ಕಡಿಮೆ ಜಾಗದಲ್ಲಿ ಮೂರು ಪುಟಗಳ ಸಾರಾಂಶ ಕೊಡಲು ಹೊರಟರೆ ಹುಟ್ಟೂರು, ಓದಿದ ಕಾಲೇಜು, ಪದವಿಗಳು, ಸೇರಿದ ವರ್ಷ, ಬಡ್ತಿ ಪಡೆದ ವರ್ಷ ಎಂದು ಪಟ್ಟಿ ಓದಿದಂತಾಗುತ್ತದೆ, ಮತ್ತು ನೀವು ಹೇಳುವ ಸಪ್ಪೆತನ ಹುಟ್ಟುವುದು ಅಲ್ಲಿಯೇ. ಆದ್ದರಿಂದ ಸಾರಾಂಶ ಬೇಡ, ಆಯ್ಕೆ ಮಾಡಿ. ಪೆನ್ಸಿಲ್ ಹಿಡಿದು, ಕಾಂಡಕೊರಕಕ್ಕೆ ನೇರವಾಗಿ ಸಂಬಂಧಿಸದ ಪ್ರತಿ ಸಾಲನ್ನೂ ಹೊಡೆದು ಹಾಕಿ. ಅವರಿಗೆ ಬಂದ ಪ್ರಶಸ್ತಿಯೂ ಹೋಗಲಿ, ವಿದೇಶ ಪ್ರವಾಸವೂ ಹೋಗಲಿ. ಉಳಿಯುವ ಐದಾರು ಸಾಲುಗಳಲ್ಲಿ, ‘ಈ ವಿಷಯವನ್ನು ಇವರ ಬಾಯಿಂದಲೇ ಏಕೆ ಕೇಳಬೇಕು’ ಎಂಬುದಕ್ಕೆ ಉತ್ತರ ಕೊಡುವ ಒಂದೇ ಕೆಲಸವನ್ನು ಆರಿಸಿಕೊಳ್ಳಿ. ಅದು ಅವರ ಅತಿ ದೊಡ್ಡ ಸಾಧನೆಯೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ಅದು ಮೂರನೆಯ ಪುಟದ ಕೆಳಗೆ, ಅವರೇ ಮುಖ್ಯವೆಂದು ಭಾವಿಸದ ಜಾಗದಲ್ಲಿ ಇರುತ್ತದೆ.

ಹೊಗಳಿಕೆಯ ಅಪಾಯವೇನೆಂದು ನನ್ನದೇ ತಪ್ಪಿನಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ವಿಷಯಕ್ಕೆ ಬಂದಿದ್ದ ಅತಿಥಿಯೊಬ್ಬರನ್ನು ನಾನು ‘ಕಾಂಡಕೊರಕಕ್ಕೆ ಪರಿಹಾರ ಕಂಡುಹಿಡಿದವರು’ ಎಂದು ಪರಿಚಯಿಸಿಬಿಟ್ಟೆ. ಅವರ ಬಯೋಡೇಟಾದಲ್ಲಿ ಇದ್ದದ್ದು ‘ಕಾಂಡಕೊರಕದ ನಿರ್ವಹಣೆಯ ಅಧ್ಯಯನ’ ಎಂದು. ‘ನಿರ್ವಹಣೆ’ ನನಗೆ ಸಪ್ಪೆ ಎನಿಸಿ ‘ಪರಿಹಾರ’ ಎಂದು ತಿದ್ದಿಕೊಂಡಿದ್ದೆ. ತೋಟ ಮಾಡುವ ನನಗೆ ಆ ಎರಡು ಪದಗಳ ನಡುವಿನ ಅಂತರ ಗೊತ್ತಿರಬೇಕಿತ್ತು. ಕಾಂಡಕೊರಕದ ದುಂಬಿ ಅರೇಬಿಕಾ ಕಾಫಿ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡದ ಒಳಕ್ಕೆ ಕೊರೆದುಕೊಂಡು ಹೋಗುತ್ತದೆ, ಒಳಗೆ ಹೋದ ಮೇಲೆ ಹೊರಗಿನ ಸಿಂಪಡಣೆ ಅದನ್ನು ಮುಟ್ಟುವುದಿಲ್ಲ. ನೆರಳು ಕಾಪಾಡಿಕೊಳ್ಳುವುದು, ಹುಳು ಬಿದ್ದ ಗಿಡಗಳನ್ನು ಗುರುತಿಸಿ ದುಂಬಿ ಹಾರುವ ಮೊದಲೇ ಕಿತ್ತು ಸುಡುವುದು, ಇವೇ ಮೊದಲಾದ ಕ್ರಮಗಳಿಂದ ಹಾವಳಿಯನ್ನು ಹತೋಟಿಯಲ್ಲಿ ಇಡಬಹುದೇ ಹೊರತು ಒಂದು ಮದ್ದಿನಿಂದ ಮುಗಿಸಲಾಗದು. ಪಾಪ, ಆ ಅತಿಥಿ ಮಾತು ಆರಂಭಿಸಿದ್ದೇ ‘ಈಗ ಹೇಳಿದ ಪರಿಹಾರ ನನ್ನ ಬಳಿ ಇಲ್ಲ’ ಎಂದು. ನನ್ನ ಒಂದು ಪದವನ್ನು ಅಳಿಸಲು ಅವರ ಮೊದಲ ಐದಾರು ನಿಮಿಷ ಹೋಯಿತು. ಅಷ್ಟಾದರೂ ಕೊನೆಯಲ್ಲಿ ಎದ್ದು ನಿಂತ ಮೊದಲನೆಯವರು ಕೇಳಿದ್ದು, ‘ಆ ಔಷಧಿ ಎಲ್ಲಿ ಸಿಗುತ್ತದೆ ಸಾರ್?’

ಅಂದಿನಿಂದ ಬರೆದದ್ದನ್ನು ಅತಿಥಿಗೆ ಫೋನಿನಲ್ಲಿ ಓದಿ ಹೇಳದೆ ನಾನು ವೇದಿಕೆ ಹತ್ತುವುದಿಲ್ಲ. ನೀವೂ ಒಂದು ವಾರ ಮುಂಚೆ ಫೋನ್ ಮಾಡಿ. ಹೆಸರನ್ನೂ ಇನಿಷಿಯಲ್‌ಗಳನ್ನೂ ಅವರು ಹೇಗೆ ಹೇಳುತ್ತಾರೋ ಹಾಗೆಯೇ ಕೇಳಿ ಬರೆದುಕೊಳ್ಳಿ. ಈಗಿನ ಹುದ್ದೆ ಯಾವುದೆಂದು ಕೇಳಿ. ಬಯೋಡೇಟಾ ಹಳೆಯದಾಗಿದ್ದರೆ ನಡುವೆ ಬಡ್ತಿಯೋ ನಿವೃತ್ತಿಯೋ ಆಗಿರುತ್ತದೆ. ‘ಸಹಾಯಕ ಪ್ರಾಧ್ಯಾಪಕ’, ‘ಸಹ ಪ್ರಾಧ್ಯಾಪಕ’, ‘ಪ್ರಾಧ್ಯಾಪಕ’ ಎಂಬವು ಮೂರು ಬೇರೆ ಬೇರೆ ಹುದ್ದೆಗಳು, ಕೇಳುವವರಿಗೆ ಒಂದೇ ಅನಿಸಿದರೂ ಹುದ್ದೆಯಲ್ಲಿ ಇರುವವರಿಗೆ ಹಾಗಲ್ಲ. ಸಂಸ್ಥೆಯ ಹೆಸರಿನಲ್ಲೂ ನಮ್ಮವರು ಎಡವುತ್ತಾರೆ: ಬಾಳೆಹೊನ್ನೂರಿನಲ್ಲಿರುವುದು ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ, ಅದು ಕಾಫಿ ಮಂಡಳಿಯ ಅಡಿಯಲ್ಲಿದೆ, ಆದರೆ ಅಲ್ಲಿಂದ ಬಂದವರನ್ನೆಲ್ಲ ‘ಕಾಫಿ ಬೋರ್ಡಿನ ಸಾಹೇಬರು’ ಎಂದು ಕರೆಯುವುದು ನಮಗೆ ರೂಢಿಯಾಗಿದೆ. ಹಲವರು ಸೇರಿ ಮಾಡಿದ ಕೆಲಸವಾದರೆ ‘ತಂಡದಲ್ಲಿದ್ದರು’ ಎನ್ನಬೇಕು, ಸಂಪಾದಿಸಿದ ಪುಸ್ತಕವನ್ನು ‘ಬರೆದರು’ ಎನ್ನಬಾರದು. ಕೊನೆಗೆ, ‘ಇದನ್ನು ಹೇಳುವುದು ಬೇಡ ಎನ್ನುವಂಥದ್ದು ಏನಾದರೂ ಇದೆಯೇ’ ಎಂದು ಕೇಳಿ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪ್ರಶ್ನೆ ಇದು. ಹೆಚ್ಚಿನವರು ಒಂದು ವಿಶೇಷಣವನ್ನೋ ಒಂದು ಪ್ರಶಸ್ತಿಯನ್ನೋ ತಾವೇ ತೆಗೆಸುತ್ತಾರೆ.

ಈಗ ನಿಮ್ಮ ಸಭೆಗೆ ಹೊಂದುವ ಒಂದು ಮಾದರಿ. ಇದರಲ್ಲಿರುವ ವರ್ಷಗಳೂ ಅಂಕಿಗಳೂ ಕಲ್ಪಿತ, ನಿಮ್ಮ ಅತಿಥಿಯ ನಿಜವಾದ ವಿವರಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

‘ಎಲ್ಲರಿಗೂ ನಮಸ್ಕಾರ. ಈ ವಾರ ನನ್ನ ತೋಟದಲ್ಲಿ ಕಾಂಡದ ಮೇಲೆ ಉಬ್ಬುಗೆರೆ ಕಂಡ ಹನ್ನೊಂದು ಗಿಡಗಳಿಗೆ ಗುರುತು ಹಾಕಿದ್ದೇನೆ. ನಿಮ್ಮಲ್ಲೂ ಹಲವರು ಹಾಕಿರುತ್ತೀರಿ. ಅಕ್ಟೋಬರ್ ಬಂದರೆ ದುಂಬಿ ಹಾರಲು ಶುರು. ಇಂದು ನಮ್ಮೊಂದಿಗೆ ಡಾಕ್ಟರ್ ಇಂಥವರು ಇದ್ದಾರೆ. ಅವರು ಕೀಟಶಾಸ್ತ್ರಜ್ಞರು. ಹದಿನಾಲ್ಕು ವರ್ಷಗಳಿಂದ ಬಿಳಿ ಕಾಂಡಕೊರಕದ ಮೇಲೆ ಕೆಲಸ ಮಾಡುತ್ತಿದ್ದಾರೆ. ಅದರಲ್ಲಿ ಆರು ವರ್ಷ ನಮ್ಮಂಥ ಸಣ್ಣ ಬೆಳೆಗಾರರ ತೋಟಗಳಲ್ಲೇ ಬಲೆ ಕಟ್ಟಿ, ದುಂಬಿ ಯಾವ ವಾರ ಎಷ್ಟು ಹಾರುತ್ತದೆ ಎಂದು ಎಣಿಸಿದ ತಂಡದಲ್ಲಿದ್ದರು. ಯಾವ ಗಿಡ ಉಳಿಸಬಹುದು, ಯಾವುದನ್ನು ಕಿತ್ತು ಸುಡಲೇಬೇಕು ಎಂದು ನಿರ್ಧರಿಸುವ ಬಗೆಯನ್ನು ಇಂದು ತಿಳಿಸಲಿದ್ದಾರೆ. ಡಾಕ್ಟರ್ ಇಂಥವರೇ, ದಯವಿಟ್ಟು ಬನ್ನಿ.’

ಇಲ್ಲಿ ‘ಖ್ಯಾತ’, ‘ಹೆಸರಾಂತ’, ‘ಅಪಾರ’ ಎಂಬ ಒಂದು ಮಾತೂ ಇಲ್ಲ. ಆರು ವರ್ಷ ತೋಟ ತೋಟ ತಿರುಗಿ ದುಂಬಿ ಎಣಿಸಿದವರು ಎಂದ ಮೇಲೆ ಅವರ ಶ್ರದ್ಧೆಯನ್ನು ಬೆಳೆಗಾರ ತಾನೇ ಅಳೆದುಕೊಳ್ಳುತ್ತಾನೆ. ‘ಖ್ಯಾತ’ ಎಂದರೆ ಅವನು ಅದನ್ನು ನಿಮ್ಮ ಬಾಯುಪಚಾರವೆಂದು ಬಿಟ್ಟುಬಿಡುತ್ತಾನೆ. ಭಾಷಣದ ವಿಷಯ ಹೇಳುವಲ್ಲಿಯೂ ಅವರು ಏನು ತಿಳಿಸುತ್ತಾರೆ ಎಂದು ಮಾತ್ರ ಇದೆ, ಏನು ವಾಸಿಯಾಗುತ್ತದೆ ಎಂದಿಲ್ಲ. ಆ ಸಾಲನ್ನು ಅತಿಥಿಯನ್ನೇ ಕೇಳಿ ಬರೆಯಬೇಕು, ಶೀರ್ಷಿಕೆ ನೋಡಿ ಊಹಿಸಬಾರದು. ಆರಂಭದ ಹನ್ನೊಂದು ಗಿಡಗಳು ನನ್ನ ಬಗ್ಗೆ ಆಯಿತಲ್ಲ ಎಂದು ನಿಮಗೆ ಅನಿಸಬಹುದು. ಸಭಿಕರಿಗೂ ಅದೇ ಕಷ್ಟವಿರುವುದರಿಂದ ಅದು ನಡೆಯುತ್ತದೆ. ನಡೆಯದಿರುವುದು ‘ನಾನೂ ಇವರೂ ಒಂದೇ ಹಾಸ್ಟೆಲಿನಲ್ಲಿದ್ದೆವು’ ಎಂಬಂಥ ಸಲಿಗೆಯ ಮಾತು. ಅಲ್ಲಿ ಅತಿಥಿಯನ್ನು ಮರೆಮಾಡಿ ನಾವೇ ನಿಂತುಬಿಡುತ್ತೇವೆ. ‘ಇವರನ್ನು ಪರಿಚಯಿಸುವುದೆಂದರೆ ಸೂರ್ಯನಿಗೆ ದೀಪ ಹಿಡಿದಂತೆ’ ಎಂಬುದನ್ನಂತೂ ದಯವಿಟ್ಟು ಯಾರೂ ಹೇಳಬಾರದು. ಅದನ್ನು ಹೇಳಿದವರು ಮುಂದೆ ಹತ್ತು ನಿಮಿಷ ದೀಪ ಹಿಡಿಯುವುದನ್ನು ನಾನು ನೋಡಿದ್ದೇನೆ.

ವಾಕ್ಯ ಕಟ್ಟುವ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಆಮಂತ್ರಣ ಪತ್ರಿಕೆಯ ಕನ್ನಡದಲ್ಲಿ ನಾವು ‘ಇಂಥಲ್ಲಿ ಓದಿದ, ಇಂಥ ಹುದ್ದೆಗಳನ್ನು ಅಲಂಕರಿಸಿದ, ಇಷ್ಟು ಲೇಖನಗಳನ್ನು ಪ್ರಕಟಿಸಿದ, ಇಂಥ ಪ್ರಶಸ್ತಿಗೆ ಭಾಜನರಾದ ಶ್ರೀಯುತರು’ ಎಂದು ರೈಲು ಡಬ್ಬಿಗಳಂತೆ ಜೋಡಿಸುತ್ತಾ ಹೋಗಿ ಹೆಸರನ್ನು ಕೊನೆಯಲ್ಲಿ ಇಡುತ್ತೇವೆ. ಕಣ್ಣಿಗೆ ಅದು ಚೆನ್ನಾಗಿಯೇ ಕಾಣುತ್ತದೆ, ಆದರೆ ಕಿವಿಗೆ ಯಾರ ಬಗ್ಗೆ ಹೇಳುತ್ತಿದ್ದಾರೆಂದು ತಿಳಿಯುವ ಹೊತ್ತಿಗೆ ಮೊದಲ ಎರಡು ಡಬ್ಬಿ ಮರೆತುಹೋಗಿರುತ್ತವೆ. ಆದ್ದರಿಂದ ಹೆಸರನ್ನು ಬೇಗ ಹೇಳಿ, ‘ಅವರು’ ಎಂದು ಆರಂಭಿಸಿ ಒಂದೊಂದು ವಾಕ್ಯಕ್ಕೆ ಒಂದೊಂದು ಸಂಗತಿ ಇಟ್ಟು, ಕೊನೆಯಲ್ಲಿ ಮತ್ತೊಮ್ಮೆ ಹೆಸರು ಹಿಡಿದು ಕರೆಯಿರಿ. ಆ ಎರಡನೆಯ ಸಲದ ಹೆಸರೇ ಚಪ್ಪಾಳೆಗೂ ಅತಿಥಿ ಏಳುವುದಕ್ಕೂ ಸೂಚನೆ, ಅದರ ನಂತರ ಮತ್ತೇನೂ ಸೇರಿಸಬಾರದು.

ನಿಮ್ಮ ನಿಮಿಷವನ್ನು ಬೇರೆಯವರು ತಿನ್ನುವ ಸಾಧ್ಯತೆಯೂ ಇದೆ. ಪ್ರಾಸ್ತಾವಿಕ ಮಾತಾಡುವವರು ಕಾಂಡಕೊರಕದ ಹಾವಳಿಯನ್ನು ಮೊದಲೇ ವಿವರಿಸಿ, ಸ್ವಾಗತ ಮಾಡುವವರು ಅತಿಥಿಯ ಬಯೋಡೇಟಾವನ್ನೇ ಓದಿಬಿಟ್ಟರೆ ನಿಮಗೆ ಏನೂ ಉಳಿಯುವುದಿಲ್ಲ. ಹಿಂದಿನ ದಿನವೇ ಅವರಿಬ್ಬರಿಗೆ ನೀವು ಹೇಳಲಿರುವುದನ್ನು ಓದಿ ತೋರಿಸಿ, ಸ್ವಾಗತದಲ್ಲಿ ಅತಿಥಿಯ ಹೆಸರೂ ಹುದ್ದೆಯೂ ಮಾತ್ರ ಬರಲಿ ಎಂದು ಕೇಳಿಕೊಳ್ಳಿ. ಕಾರ್ಯಕ್ರಮ ಪಟ್ಟಿಯಲ್ಲಿ ಶಾಲು, ಹಾರ, ಫಲತಾಂಬೂಲ ಪರಿಚಯದ ನಡುವೆ ಬಾರದಂತೆ ನಿರೂಪಕರಿಗೂ ಹೇಳಿಡಿ.

ಮಾದರಿಯನ್ನು ಅಂಗೈ ಅಗಲದ ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಮೊಬೈಲಿನಲ್ಲಿ ಇಟ್ಟುಕೊಂಡರೆ ಆ ಹೊತ್ತಿಗೇ ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಬರುತ್ತದೆ. ಮೊದಲ ವಾಕ್ಯವನ್ನೂ ಹೆಸರನ್ನೂ ಬಾಯಿಪಾಠ ಮಾಡಿ, ಉಳಿದದ್ದನ್ನು ನೋಡಿ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸಭೆ ತಡವಾಗಿ ಅಧ್ಯಕ್ಷರು ‘ಬೇಗ ಮುಗಿಸಿ’ ಎಂದು ಸನ್ನೆ ಮಾಡಿದರೆ ತೋಟದ ಮಾತನ್ನು ಬಿಡಿ, ‘ಹದಿನಾಲ್ಕು ವರ್ಷ’ದ ವಾಕ್ಯವನ್ನೂ ಬಿಡಿ, ಹೆಸರು, ಬಲೆ ಕಟ್ಟಿ ದುಂಬಿ ಎಣಿಸಿದ ಸಾಲು ಮತ್ತು ಇಂದಿನ ವಿಷಯ, ಇವಿಷ್ಟೇ ಇಪ್ಪತ್ತೈದು ಸೆಕೆಂಡಿಗೆ ಸಾಕಾಗುತ್ತವೆ.