ಮುಲ್ಕಿ ಪರೀಕ್ಷೆ ಹೋಯಿತು, ಟ್ರಸ್ಟಿನ ಆಸ್ತಿ ಯಾರಿಗೆ?

ಪ್ರಶ್ನೆ: ನಮ್ಮ ಅಜ್ಜ 1958ರಲ್ಲಿ ಗದಗಿನ ಒಂದು ಮನೆ, ಎರಡು ಅಂಗಡಿಗಳನ್ನು ಟ್ರಸ್ಟಿಗೆ ಬರೆದುಕೊಟ್ಟಿದ್ದರು. ‘ಧಾರವಾಡ ಜಿಲ್ಲೆಯ ಹಳ್ಳಿಗಳಿಂದ ಮುಲ್ಕಿ ಪರೀಕ್ಷೆಗೆ ಬರುವ ಬಡ ಮಕ್ಕಳ ಊಟ, ವಸತಿಗೆ’ ಅಂತ ಪತ್ರದಲ್ಲಿದೆ. ಏಳನೇ ಇಯತ್ತೆಯ ಆ ಪಬ್ಲಿಕ್ ಪರೀಕ್ಷೆಯೇ ಈಗ ಇಲ್ಲ. ಬಾಡಿಗೆ ಹಣ ಸುಮ್ನೆ ಬ್ಯಾಂಕಿನಲ್ಲಿ ಬಿದ್ದಿದೆ. ಉಳಿದ ಟ್ರಸ್ಟಿಗಳು ಕಲ್ಯಾಣ ಮಂಟಪ ಕಟ್ಟೋಣ ಅಂತಾರೆ. ಕಾಕಾನ ಮಕ್ಕಳು ಆಸ್ತಿ ಮನೆತನಕ್ಕೆ ವಾಪಸ್ ಬರಬೇಕು ಅಂತಾರೆ. ನಾನೂ ಒಬ್ಬ ಟ್ರಸ್ಟಿ. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಅಲ್ಲ. ಸಾರ್ವಜನಿಕ ದಾನಕ್ಕೆ ಕೊಟ್ಟ ಆಸ್ತಿ, ನಡುವೆ ಉದ್ದೇಶ ನಿಂತುಹೋಯಿತು ಅಂತ ವಾರಸುದಾರರಿಗೆ ಮರಳುವುದಿಲ್ಲ. ‘ಉದ್ದೇಶ ತಪ್ಪಿದರೆ ಮನೆತನಕ್ಕೆ’ ಎಂದು ಅಜ್ಜನೇ ಬರೆದಿದ್ದರೆ ಮಾತು ಬೇರೆ. ಹಾಗಾಗಿ ಪತ್ರವನ್ನು ಕೊನೆಯ ಸಾಲಿನವರೆಗೂ ಓದಿ.

ಇಂಥ ಕಡೆ ನ್ಯಾಯಾಲಯಗಳು ‘ಸೀ-ಪ್ರೇ’ ಎಂಬ ತತ್ವ ಹಿಡಿಯುತ್ತವೆ. ಹಳೆಯ ಫ್ರೆಂಚ್ ಮಾತು. ದಾನಿಯ ಇಚ್ಛೆಗೆ ಎಷ್ಟು ಹತ್ತಿರವೋ ಅಷ್ಟು ಎಂದರ್ಥ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿಗೆ 1976ರ ತಿದ್ದುಪಡಿಯಲ್ಲಿ ಸೇರಿದ ಮೂರನೇ ಉಪಕಲಮು ಇದನ್ನೇ ಹೇಳುತ್ತದೆ. ಮೂಲ ಉದ್ದೇಶ ನಡೆಸಲು ಆಗದಿದ್ದರೆ ನ್ಯಾಯಾಲಯ ಅದನ್ನು ಬದಲಿಸಬಹುದು. ಗಮನಿಸಿ, ಬದಲಿಸುವುದು ನ್ಯಾಯಾಲಯ. ಟ್ರಸ್ಟಿಗಳ ಠರಾವಿನಿಂದ ಆಗುವ ಕೆಲಸ ಅಲ್ಲ.

ನಿಮ್ಮ ಪತ್ರದಲ್ಲಿ ಹೋದದ್ದು ಏನು, ಉಳಿದದ್ದು ಏನು? ಪರೀಕ್ಷೆ ಹೋಯಿತು. ಓದಲು ಊರಿಗೆ ಬರುವ ಹಳ್ಳಿಯ ಬಡ ಮಕ್ಕಳು ಇನ್ನೂ ಇದ್ದಾರೆ, ಅಲ್ವಾ? ಅವರಿಗೆ ಊಟ, ವಸತಿ ಬೇಕೇ ಬೇಕು. ಎಸ್ಸೆಸ್ಸೆಲ್ಸಿ, ಪಿಯು ಮಕ್ಕಳಿಗೆ ಆ ಮನೆಯಲ್ಲೇ ಪ್ರಸಾದ ನಿಲಯ ಎಂದರೆ ಅಜ್ಜನ ಮಾತಿಗೆ ತೀರಾ ಹತ್ತಿರ. ಬರೀ ಫೀ ಕಟ್ಟುವುದು ಸ್ವಲ್ಪ ದೂರ. ಕಲ್ಯಾಣ ಮಂಟಪಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಬಾಡಿಗೆ ಎಷ್ಟೇ ಜಾಸ್ತಿ ಬರಲಿ.

ಇನ್ನೊಂದು ತೊಡಕು ನಿಮಗೆ ಹೊಳೆದಿಲ್ಲ ಅನಿಸುತ್ತದೆ. 1958ರ ಧಾರವಾಡ ಜಿಲ್ಲೆಯೊಳಗೆ ಗದಗ, ಹಾವೇರಿ ಎರಡೂ ಇದ್ದವು. 1997ರಲ್ಲಿ ಅವು ಬೇರೆಯಾದವು. ಅಕ್ಷರಶಃ ಹಿಡಿದರೆ ಗದಗಿನ ಮನೆಗೆ ಗದಗ ಜಿಲ್ಲೆಯ ಮಕ್ಕಳೇ ಹೊರಗಿನವರು! ದಾನಕ್ಕೆ ಹೇಳಿದ ಪ್ರದೇಶ ಒಂದು ಘಟಕವಾಗಿ ಉಳಿಯದಿದ್ದರೂ ಉಪಾಯ ಇದೇ ಉಪಕಲಮಿನಲ್ಲಿದೆ. ‘ಮೂರೂ ಜಿಲ್ಲೆಗಳ ಮಕ್ಕಳು’ ಎಂದು ಸ್ಪಷ್ಟ ಮಾಡಿಕೊಡಿ ಅಂತ ಅದೇ ದಾವೆಯಲ್ಲಿ ಕೇಳಿ.

ದಾವೆ ಗದಗಿನ ಜಿಲ್ಲಾ ನ್ಯಾಯಾಲಯದಲ್ಲಿ. ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಕನಿಷ್ಠ ಇಬ್ಬರು ಸೇರಬೇಕು, ಮೊದಲು ನ್ಯಾಯಾಲಯದ ಅನುಮತಿ ಪಡೆಯಬೇಕು. ಅನುಮತಿ ಇಲ್ಲದೆ ಹಾಕಿದ ದಾವೆ ಹೊಸ್ತಿಲಲ್ಲೇ ಬೀಳುತ್ತದೆ. ಯಾರನ್ನೂ ಕಳ್ಳ ಅನ್ನಬೇಕಿಲ್ಲ. ಆಡಳಿತಕ್ಕೆ ನಿರ್ದೇಶನ ಬೇಕು ಅಂದರೂ ಸಾಕು. ಮೂಲ ಪತ್ರ, ಹಿಂದಿನ ಲೆಕ್ಕ, ಪರೀಕ್ಷೆ ನಿಂತಿದ್ದಕ್ಕೆ ದಾಖಲೆ, ನಿಮ್ಮ ಹೊಸ ಯೋಜನೆ ಜೊತೆಗಿರಲಿ. ಅಂಗಡಿ ಮಾರಿ ಮನೆ ರಿಪೇರಿ ಮಾಡುವ ವಿಚಾರವಿದ್ದರೆ ಆ ಅನುಮತಿಯನ್ನೂ ಇದರಲ್ಲೇ ಬೇಡಿ.

ಆದೇಶ ಬರುವವರೆಗೆ ಮನೆಯ ತೆರಿಗೆ, ಸೋರುವ ಮಾಳಿಗೆಯ ದುರಸ್ತಿಗೆ ಖರ್ಚು ಮಾಡಬಹುದು. ಮಂಟಪದ ನಕ್ಷೆಗೆ ಎಂಜಿನಿಯರ್‌ಗೆ ಕೊಟ್ಟ ಹಣವನ್ನು ಮಾತ್ರ ನಾಳೆ ಟ್ರಸ್ಟಿಗಳ ಸ್ವಂತ ಜೇಬಿನಿಂದ ಕೇಳಬಹುದು. ಉಳಿದವರಿಗೆ ಇದನ್ನು ಬರವಣಿಗೆಯಲ್ಲೇ ತಿಳಿಸಿಡಿ.