ಉದ್ದದ ಹಸ್ತಪ್ರತಿಗೆ ಸ್ಟೈಲ್ ಶೀಟ್ ಮಾಡೋದು ಹೇಗೆ?

ಪ್ರಶ್ನೆ: ಬೆಂಗಳೂರಲ್ಲಿ ನಡೆಯುವ 400 ಪುಟದ ಕಾದಂಬರಿ ತಿದ್ದುತ್ತಿದ್ದೇನೆ. ಕಾಗುಣಿತ, ಅಡ್ಡಗೆರೆ, ದೊಡ್ಡಕ್ಷರ ಎಲ್ಲ ಕಡೆ ಒಂದೇ ಥರ ಇರಬೇಕು. ಸ್ಟೈಲ್ ಶೀಟ್ ಹೇಗೆ ಮಾಡಲಿ?

ಉತ್ತರ: ಮೊದಲೇ ನಿಯಮ ಬರೆಯಲು ಕೂರಬೇಡಿ. ಓದುತ್ತಾ ಹೋಗಿ. ಎರಡು ಥರ ಬರೆಯಬಹುದಾದ ಪದ ಸಿಕ್ಕ ತಕ್ಷಣ ಒಂದು ರೂಪ ಆರಿಸಿ, ಅಕಾರಾದಿಯಲ್ಲಿ ಬರೆದಿಡಿ. ಪಕ್ಕದಲ್ಲಿ ಪುಟದ ಸಂಖ್ಯೆಯೂ ಇರಲಿ.

‘ಆಫೀಸು’ ಎಂದು ಆರಿಸಿದಿರಿ ಅಂದುಕೊಳ್ಳಿ. ಅಷ್ಟೇ ಬರೆದರೆ ಸಾಲದು. ‘ಆಫೀಸಿಗೆ, ಆಫೀಸಿನಲ್ಲಿ’ ಅಂತಲೂ ಸೇರಿಸಿ, ಇಲ್ಲದಿದ್ದರೆ ‘ಆಫೀಸ್‌ಗೆ’ ನುಸುಳುತ್ತದೆ. ‘ಆಫೀಸ್’ ಇರುವಲ್ಲೆಲ್ಲ ‘ಆಫೀಸು’ ಹಾಕು ಎಂದು ಒಂದೇ ಏಟಿಗೆ ಬದಲಿಸಿದರೆ ‘ಆಫೀಸುಗೆ’ ಹುಟ್ಟಿಬಿಡುತ್ತದೆ. ಒಂದೊಂದೇ ನೋಡಿ ಬದಲಿಸಿ. ಇನ್ನೊಂದು ತೊಡಕು: ‘ಆಫೀಸ್‌ಗೆ’ಯಲ್ಲಿ ಗ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ‘ಆಫೀಸ್ಗೆ’ ಎಂದು ಹುಡುಕಿದರೆ ಅದು ಸಿಗದೇ ಹೋಗಬಹುದು. ಎರಡನ್ನೂ ಹುಡುಕಿ.

ಪಾತ್ರಗಳ ಮಾತಿಗೆ ಮಾತ್ರ ಬೇರೆ ಪಟ್ಟಿ ಇರಲಿ. ಅಲ್ಲಿ ‘ಆಫೀಸ್ಗೆ ಹೋಗ್ತೀನಿ’ ಅನ್ನೋದೇ ಸರಿ, ಅಲ್ವಾ?

ಅಡ್ಡಗೆರೆಯ ಗೊಂದಲ ಜಾಸ್ತಿ ಜೋಡಿಪದಗಳಲ್ಲೇ: ಅಕ್ಕತಂಗಿ, ಅಕ್ಕ-ತಂಗಿ, ಅಕ್ಕ ತಂಗಿ. ಒಂದನ್ನು ಆರಿಸಿ, ‘ತಂದೆ-ತಾಯಿ’ಯಂಥ ಪದಗಳಿಗೂ ಅದನ್ನೇ ಹಿಡಿಯಿರಿ.

ದೊಡ್ಡಕ್ಷರದ ತಲೆನೋವು ಕನ್ನಡಕ್ಕಿಲ್ಲ. ಬದಲಿಗೆ ‘ಬಿಎಂಟಿಸಿ’ಯೋ ‘ಬಿ.ಎಂ.ಟಿ.ಸಿ.’ಯೋ ಅನ್ನೋದನ್ನು ತೀರ್ಮಾನಿಸಿ. ಚುಕ್ಕಿ ಬಿಟ್ಟರೆ ‘ಬಿಎಂಟಿಸಿಯಲ್ಲಿ’ ಎಂದು ಪ್ರತ್ಯಯ ಸಲೀಸಾಗಿ ಸೇರುತ್ತದೆ.